ಈ ಪಾಠ ಯಾರಿಗೆ, ಯಾವ ಎಕ್ಸೆಲ್‌ಗೆ?

ಹಾಲು ಉತ್ಪಾದಕರ ಸಹಕಾರ ಸಂಘವೊಂದರಲ್ಲಿ ಲೆಕ್ಕ ನೋಡಿಕೊಳ್ಳುವ ಹುಡುಗಿಯ ಮುಂದೆ ಎರಡು ಶೀಟುಗಳಿವೆ ಎಂದುಕೊಳ್ಳೋಣ. ಒಂದರಲ್ಲಿ ಸದಸ್ಯರ ಸಂಖ್ಯೆ, ಹೆಸರು, ಬ್ಯಾಂಕ್ ಖಾತೆ ಇವೆ. ಇನ್ನೊಂದು ಹಾಲು ಅಳೆಯುವ ಯಂತ್ರದಿಂದ ಇಳಿಸಿಕೊಂಡ ಪಟ್ಟಿ. ಅದರಲ್ಲಿ ದಿನಾಂಕ, ಸದಸ್ಯ ಸಂಖ್ಯೆ, ಲೀಟರ್ ಅಷ್ಟೇ ಇದೆ. ಯಂತ್ರಕ್ಕೆ ಸಂಖ್ಯೆ ಗೊತ್ತು, ಹೆಸರು ಗೊತ್ತಿಲ್ಲ. ಬಟವಾಡೆ ಪಟ್ಟಿ ತಯಾರಾಗಬೇಕಾದರೆ ಪ್ರತಿಯೊಂದು ಸಂಖ್ಯೆಯ ಎದುರಿಗೂ ಹೆಸರು ಬಂದು ಕೂರಬೇಕು. ಇಷ್ಟು ದಿನ ಆಕೆ ಒಂದೊಂದೇ ಹೆಸರನ್ನು ನೋಡಿಕೊಂಡು ಕೈಯಲ್ಲೇ ಟೈಪ್ ಮಾಡುತ್ತಿದ್ದಳು.

ಇದಕ್ಕೊಂದು ಸುಲಭ ದಾರಿ ಇದೆ ಎಂದು ಯಾರೋ ಹೇಳಿದರು. ಫೋನಿನಲ್ಲಿ ಹುಡುಕಿದಾಗ ಕನ್ನಡದಲ್ಲೇ ಒಂದು ಪಾಠ ಸಿಕ್ಕಿತು. ಪಾಠ ಚೆನ್ನಾಗಿಯೇ ಇದೆ. ಹೇಳುವವರ ಮಾತು ಸ್ಪಷ್ಟ, ಉದಾಹರಣೆ ಸರಳ. ಅವರು ತೋರಿಸಿದ ಹಾಗೆಯೇ ಆಕೆ ಸಂಘದ ಕಂಪ್ಯೂಟರಿನಲ್ಲಿ ಈ ಸೂತ್ರ ಹಾಕಿದಳು:

```
=XLOOKUP(B2,Members!$A$2:$A$180,Members!$B$2:$B$180)
```

ಎಂಟರ್ ಒತ್ತಿದಾಗ ಹೆಸರು ಬರಲಿಲ್ಲ, `#NAME?` ಎಂದು ಬಂತು. ಅಲ್ಪವಿರಾಮ ಬಿಟ್ಟೆನೇನೋ ಎಂದು ನೋಡಿದಳು. ಆವರಣ ಚಿಹ್ನೆ ಎಣಿಸಿದಳು. ಪಾಠವನ್ನು ಮೊದಲಿನಿಂದ ಮತ್ತೆ ಹಾಕಿ, ಅಕ್ಷರಕ್ಕೆ ಅಕ್ಷರ ಹೊಂದಿಸಿ ಟೈಪ್ ಮಾಡಿದಳು. ಮತ್ತೆ ಅದೇ `#NAME?`. ಕೊನೆಗೆ ಇದು ತನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಎಂದುಕೊಂಡು ಹಳೆಯ ದಾರಿಗೇ ಮರಳಿದಳು.

ಆಕೆ ಮಾಡಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸಂಘದ ಕಂಪ್ಯೂಟರಿನಲ್ಲಿ ಇದ್ದದ್ದು ಎಕ್ಸೆಲ್ 2016. XLOOKUP ಎಂಬ ಸೂತ್ರ ಆ ಎಕ್ಸೆಲ್‌ನಲ್ಲಿ ಇಲ್ಲವೇ ಇಲ್ಲ. ಪಾಠದ ತಲೆಯ ಮೇಲೆ “ಎಕ್ಸೆಲ್ 2021 ಅಥವಾ ಅದಕ್ಕಿಂತ ಹೊಸದು ಬೇಕು” ಎಂಬ ಒಂದು ಸಾಲು ಇದ್ದಿದ್ದರೆ ಆಕೆ ಮುಂದಿನ ಪಾಠಕ್ಕೆ ಹೋಗುತ್ತಿದ್ದಳು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಇಂಥ ಸಾಲುಗಳಿಗೆ ಮೆಟಾಡೇಟಾ ಎನ್ನುತ್ತಾರೆ: ಪಾಠದೊಳಗಿನ ವಿಷಯವಲ್ಲ, ಪಾಠದ ಬಗ್ಗೆ ಕೊಡುವ ವಿವರ. ಬೀಜದ ಪೊಟ್ಟಣದ ಮೇಲೆ ತಳಿ, ಹಂಗಾಮು, ಅವಧಿ ಬರೆದಿರುವುದನ್ನು ನೋಡದೆ ನಾವು ಬೀಜ ಕೊಳ್ಳುವುದಿಲ್ಲ. ಸ್ಪ್ರೆಡ್‌ಶೀಟ್ ಪಾಠಗಳ ಮೇಲೆ ಮಾತ್ರ ಅಂಥ ಚೀಟಿ ಕಾಣುವುದು ಅಪರೂಪ. ಆ ಚೀಟಿಯಲ್ಲಿ ಏನಿರಬೇಕು, ಏಕಿರಬೇಕು ಎಂಬುದನ್ನು ಇದೇ ಡೇರಿ ಲೆಕ್ಕ ಹಿಡಿದು ನೋಡೋಣ.

ಯಾವ ಎಕ್ಸೆಲ್?

ಮೊದಲ ಸಾಲು ತಂತ್ರಾಂಶದ ವರ್ಷನ್. ಬರೆಯುವುದಕ್ಕೆ ಇದು ಸುಲಭ ಎನಿಸುತ್ತದೆ, ಆದರೆ ಜನ ಹೆಚ್ಚು ಎಡವುವುದು ಇಲ್ಲೇ.

ಮೈಕ್ರೋಸಾಫ್ಟ್ XLOOKUP ಅನ್ನು ಪ್ರಕಟಿಸಿದ್ದು 2019ರ ಆಗಸ್ಟ್‌ನಲ್ಲಿ. ಆದರೂ ಅದು ಎಕ್ಸೆಲ್ 2019ರಲ್ಲಿ ಸಿಗುವುದಿಲ್ಲ. ಏಕೆಂದರೆ ಆ ಹೆಸರಿನ ಎಕ್ಸೆಲ್ ಹಿಂದಿನ ವರ್ಷವೇ ಮಾರುಕಟ್ಟೆಗೆ ಬಂದಿತ್ತು, ಮತ್ತು ಒಂದೇ ಸಲ ಹಣ ಕೊಟ್ಟು ಕೊಳ್ಳುವ ಎಕ್ಸೆಲ್‌ಗೆ ಆಮೇಲೆ ಹೊಸ ಸೂತ್ರಗಳು ಸೇರುವುದಿಲ್ಲ. ಚಂದಾ ಕಟ್ಟುವ ಮೈಕ್ರೋಸಾಫ್ಟ್ 365ಕ್ಕೆ ಅದು ಮೊದಲು ಬಂತು, ಒಂದೇ ಸಲ ಕೊಳ್ಳುವವರಿಗೆ ಎಕ್ಸೆಲ್ 2021ರಿಂದ ಸಿಕ್ಕಿತು. ಹಾಗಾಗಿ ಪಾಠದ ಮೇಲೆ “2020ರಲ್ಲಿ ಮಾಡಿದ್ದು” ಎಂದಷ್ಟೇ ಬರೆದರೆ ಕಲಿಯುವವರಿಗೆ ಏನೂ ತಿಳಿಯುವುದಿಲ್ಲ. ಅದೇ ವರ್ಷ ಒಬ್ಬರ ಮನೆಯಲ್ಲಿ 365 ಇತ್ತು, ಪಕ್ಕದ ಕಚೇರಿಯಲ್ಲಿ 2010 ಇತ್ತು.

ಹೋಗಲಿ, ವರ್ಷನ್ ಸಂಖ್ಯೆಯನ್ನೇ ಕೊಡೋಣ ಎಂದರೆ ಅಲ್ಲೂ ಒಂದು ತೊಡಕಿದೆ. ಎಕ್ಸೆಲ್‌ನ ಯಾವುದಾದರೂ ಖಾಲಿ ಸೆಲ್‌ನಲ್ಲಿ `=INFO("release")` ಎಂದು ಹಾಕಿದರೆ ಅದು ತನ್ನ ಒಳಗಿನ ವರ್ಷನ್ ಸಂಖ್ಯೆಯನ್ನು ಹೇಳುತ್ತದೆ. ಎಕ್ಸೆಲ್ 2016, 2019, 2021, 365 ಇಷ್ಟೂ ಕೊಡುವ ಉತ್ತರ ಒಂದೇ: 16.0. XLOOKUP ಇಲ್ಲದ ಎಕ್ಸೆಲ್ ಕೂಡ 16.0, ಇರುವ ಎಕ್ಸೆಲ್ ಕೂಡ 16.0. ಹಾಗಾಗಿ “ಎಕ್ಸೆಲ್ 16ಕ್ಕೆ” ಎಂದು ಚೀಟಿ ಬರೆದರೆ ಅದು ಬರೆಯದೆ ಇದ್ದ ಹಾಗೆಯೇ. File ಮೆನುವಿನ Account ಪುಟಕ್ಕೆ ಹೋದರೆ ಅಲ್ಲಿ Product Information ಎಂಬುದರ ಕೆಳಗೆ 2016 ಎಂದೋ 365 ಎಂದೋ ಕಾಣುತ್ತದೆ. ಪಾಠ ಮಾಡುವವರು ಬಳಸಬೇಕಾದ ಹೆಸರು ಅದು.

ಆದರೆ ಕಲಿಯಲು ಬಂದವರನ್ನು ಮೊದಲು ಅಲ್ಲಿಗೆ ಕಳಿಸಿ ಹೆಸರು ಓದಿಸುವುದಕ್ಕಿಂತ, ಚೀಟಿಯಲ್ಲೇ ಒಂದು ಪುಟ್ಟ ಪರೀಕ್ಷೆ ಕೊಡುವುದು ಮೇಲು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಖಾಲಿ ಸೆಲ್‌ನಲ್ಲಿ `=XL` ಎಂದು ಟೈಪ್ ಮಾಡಿ ನಿಲ್ಲಿಸಿ. ಕೆಳಗೆ ತೆರೆಯುವ ಪಟ್ಟಿಯಲ್ಲಿ XLOOKUP ಕಾಣಿಸಿದರೆ ಈ ಪಾಠ ನಿಮ್ಮದು, ಕಾಣಿಸದಿದ್ದರೆ VLOOKUP ಪಾಠಕ್ಕೆ ಹೋಗಿ. ಇದಕ್ಕೆ ಹತ್ತು ಸೆಕೆಂಡ್ ಸಾಕು. ವರ್ಷನ್ ಎಂದರೇನು ಎಂದು ಗೊತ್ತಿಲ್ಲದವರೂ ಇದನ್ನು ಮಾಡಬಲ್ಲರು, ಮತ್ತು ಉತ್ತರದಲ್ಲಿ ಗೊಂದಲಕ್ಕೆ ಎಡೆ ಇರುವುದಿಲ್ಲ.

ಹೊಸ ಎಕ್ಸೆಲ್‌ನಲ್ಲಿ ಮಾಡಿದ ಕಡತ ಹಳೆಯದಕ್ಕೆ ಬಂದಾಗ ಆಗುವುದು ಇನ್ನೂ ಮೋಸದ ಸಂಗತಿ. ಡೇರಿಯ ಹುಡುಗಿ ಪಾಠದ ಜೊತೆಗಿದ್ದ ಮಾದರಿ ಕಡತವನ್ನು ತೆರೆದರೆ ಅದರಲ್ಲಿ ಹೆಸರುಗಳು ಸರಿಯಾಗಿಯೇ ಕಾಣುತ್ತವೆ. ಅವು ಹೊಸ ಎಕ್ಸೆಲ್ ಲೆಕ್ಕ ಹಾಕಿ ಉಳಿಸಿಟ್ಟು ಹೋದ ಉತ್ತರಗಳು. ಸೆಲ್ ಮೇಲೆ ನಿಂತು ಸೂತ್ರ ನೋಡಿದರೆ `_xlfn.XLOOKUP` ಎಂದು ಇರುತ್ತದೆ. ಆ ಸೂತ್ರವನ್ನು ಮುಟ್ಟಿ ಎಂಟರ್ ಒತ್ತಿದರೆ, ಅಥವಾ ಸದಸ್ಯ ಸಂಖ್ಯೆಯನ್ನು ಬದಲಿಸಿದರೆ, ಆಗ ಬರುತ್ತದೆ `#NAME?`. ಹಾಗಾಗಿ ಕಡತ ತೆರೆಯಿತು, ಉತ್ತರ ಕಂಡಿತು ಎಂಬ ಕಾರಣಕ್ಕೆ ಪಾಠ ತಮಗೆ ಹೊಂದುತ್ತದೆ ಎಂದು ಯಾರೂ ತಿಳಿಯಬಾರದು. `_xlfn.` ಎಂಬ ಆ ಮೊದಲ ಆರು ಅಕ್ಷರಗಳು “ಈ ಸೂತ್ರ ನನಗೆ ಗೊತ್ತಿಲ್ಲ” ಎಂದು ಎಕ್ಸೆಲ್ ಹೇಳುವ ರೀತಿ.

ಎಕ್ಸೆಲ್ ಅಲ್ಲದ ಸ್ಪ್ರೆಡ್‌ಶೀಟ್‌ಗಳ ಕತೆ ಬೇರೆ. ಗೂಗಲ್ ಶೀಟ್ಸ್‌ಗೆ XLOOKUP 2022ರ ಆಗಸ್ಟ್‌ನಲ್ಲಿ ಬಂತು. ಅದನ್ನು ಬಳಸುವವರ ಕಣ್ಣಿಗೆ ವರ್ಷನ್ ಸಂಖ್ಯೆ ಕಾಣುವುದೇ ಇಲ್ಲ. ಎಲ್ಲರ ಬಳಿಯೂ ಇವತ್ತಿನದೇ ಇರುತ್ತದೆ. ಹಾಗಾಗಿ ಅಲ್ಲಿ ಪಾಠ ಪರೀಕ್ಷಿಸಿದ ತಾರೀಖನ್ನೇ ವರ್ಷನ್ ಎಂದು ಬರೆಯಬೇಕು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಅದು 24.8ರಿಂದ ಇದೆ, ಅಂದರೆ 2024ರ ಆಗಸ್ಟ್‌ನಿಂದ. ಇಲ್ಲಿ ಇನ್ನೊಂದು ಸಣ್ಣ ವ್ಯತ್ಯಾಸವನ್ನೂ ಚೀಟಿಯಲ್ಲಿ ಹೇಳಬೇಕಾಗುತ್ತದೆ. ಬೇರೆ ಶೀಟಿನ ಸೆಲ್ ಹೆಸರಿಸುವಾಗ ಎಕ್ಸೆಲ್ `Members!A2` ಎಂದು ಬರೆದರೆ, ಕ್ಯಾಲ್ಕ್ ತನ್ನ ಮಾಮೂಲಿ ಕ್ರಮದಲ್ಲಿ ಆಶ್ಚರ್ಯ ಚಿಹ್ನೆಯ ಜಾಗದಲ್ಲಿ ಚುಕ್ಕಿ ಇಟ್ಟು `Members.A2` ಎನ್ನುತ್ತದೆ. ಎರಡರಲ್ಲೂ VLOOKUP ಇದೆ, ಎರಡೂ ಒಂದೇ ಕೆಲಸ ಮಾಡುತ್ತವೆ. ಆದರೂ ಎಕ್ಸೆಲ್ ಪಾಠ ನೋಡಿ ಕ್ಯಾಲ್ಕ್‌ನಲ್ಲಿ ಟೈಪ್ ಮಾಡುವವರು ಈ ಒಂದು ಚುಕ್ಕಿಯ ಮುಂದೆ ನಿಂತುಬಿಡುತ್ತಾರೆ.

ವರ್ಷನ್ ಹೇಳುವುದನ್ನು ಶಿಸ್ತಾಗಿ ಪಾಲಿಸಿದ ಒಂದು ಕೆಲಸ ನಮ್ಮ ದೇಶದಲ್ಲೇ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿಬ್ರೆಆಫೀಸ್ ಕ್ಯಾಲ್ಕ್ ಬಗ್ಗೆ ಸಾಲು ಸಾಲು ಪಾಠಗಳನ್ನು ಮಾಡಿದೆ, ಅವು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ಆ ಸಾಲಿನ ಹಳೆಯ ಪಾಠಗಳು ಶುರುವಾಗುವುದೇ ಈ ಪಾಠದಲ್ಲಿ ನಾವು ಏನೇನು ಕಲಿಯುತ್ತೇವೆ ಎಂಬ ಪಟ್ಟಿಯಿಂದ. ಅದರ ಬೆನ್ನಿಗೇ ಇಲ್ಲಿ ಬಳಸುತ್ತಿರುವುದು ಉಬುಂಟು ಲಿನಕ್ಸ್ 10.04 ಮತ್ತು ಲಿಬ್ರೆಆಫೀಸ್ 3.3.4 ಎಂಬ ಮಾತು ಬರುತ್ತದೆ. ಈಗ ಆ ಸಂಖ್ಯೆಗಳು ಬಹಳ ಹಳೆಯವು. ಆದರೆ ಅವನ್ನು ಹೇಳಿರುವುದರಿಂದಲೇ ಆ ಪಾಠಗಳನ್ನು ಇವತ್ತಿಗೂ ಧೈರ್ಯವಾಗಿ ಬಳಸಬಹುದು. ಉದಾಹರಣೆಗೆ, 3.3ರ ಮೆನುವಿನಲ್ಲಿ DataPilot ಎಂದಿದ್ದುದಕ್ಕೆ 3.4ರಲ್ಲಿ Pivot Table ಎಂದು ಹೆಸರು ಬದಲಾಯಿತು. ಇವತ್ತಿನ ವಿದ್ಯಾರ್ಥಿನಿಗೆ ತನ್ನ ಮೆನುವಿನಲ್ಲಿ DataPilot ಸಿಗದಿದ್ದಾಗ, ಪಾಠ 3.3.4ರದ್ದು ಎಂಬುದು ಗೊತ್ತಿದ್ದರೆ, ತನ್ನ ಕಂಪ್ಯೂಟರ್ ಕೆಟ್ಟಿದೆ ಎಂದು ಆಕೆ ಅಂದುಕೊಳ್ಳುವುದಿಲ್ಲ. ಹೆಸರು ಬದಲಾಗಿರಬೇಕು ಎಂದು ಅಕ್ಕಪಕ್ಕ ಹುಡುಕುತ್ತಾಳೆ.

ಯಾವ ಕೆಲಸಕ್ಕೆ?

ವರ್ಷನ್ ತಪ್ಪಿದರೆ ಎಕ್ಸೆಲ್ ಕೂಗಿ ಹೇಳುತ್ತದೆ. ಕೆಲಸ ತಪ್ಪಿದರೆ ಅದು ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಆದ್ದರಿಂದ ಚೀಟಿಯ ಮೂರು ಸಾಲುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಕೆಲಸ ಹೇಳುವ ಸಾಲಿಗೆ.

ಹೆಚ್ಚಿನ ಪಾಠಗಳ ತಲೆಬರಹ “VLOOKUP ಕಲಿಯಿರಿ” ಎಂಬ ಧಾಟಿಯದು. ಇದು ಸಾಧನದ ಹೆಸರು. VLOOKUP ಎಂಬ ಹೆಸರು ಗೊತ್ತಿರುವವರಿಗೆ ಪಾಠದ ಅರ್ಧ ಅಗತ್ಯ ಆಗಲೇ ತೀರಿರುತ್ತದೆ. ಡೇರಿಯ ಹುಡುಗಿಗೆ ಗೊತ್ತಿರುವುದು ತನ್ನ ಕೆಲಸ ಮಾತ್ರ: ಸಂಖ್ಯೆಯ ಎದುರಿಗೆ ಹೆಸರು ಬರಬೇಕು. ಆಕೆ ಹುಡುಕುವುದೂ ಆ ಮಾತುಗಳಿಂದಲೇ. ಹಾಗಾಗಿ ಚೀಟಿಯಲ್ಲಿ ಇರಬೇಕಾದದ್ದು “ಒಂದು ಶೀಟಿನಲ್ಲಿರುವ ಸದಸ್ಯ ಸಂಖ್ಯೆಗೆ ಇನ್ನೊಂದು ಶೀಟಿನಿಂದ ಹೆಸರು ತರುವುದು” ಎಂಬಂಥ ವಾಕ್ಯ. ಶುರುವಿನಲ್ಲಿ ಕೈಯಲ್ಲಿ ಏನಿರುತ್ತದೆ, ಕೊನೆಗೆ ಏನು ಸಿಗುತ್ತದೆ ಎಂಬುದು ಅದರಲ್ಲೇ ಬಂದುಹೋಗುತ್ತದೆ.

ಪಾಠ ಏನನ್ನು ಮಾಡುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ಏಕೆ ಎಂಬುದಕ್ಕೆ ಲೆಕ್ಕವನ್ನೇ ನೋಡೋಣ. ಹೆಸರು ತರಲು ಕಲಿತ ಹುಡುಗಿ, ಇದೇ ಸೂತ್ರದಿಂದ ಪ್ರತಿ ಸದಸ್ಯರ ಲೀಟರ್ ಕೂಡ ತರಬಹುದಲ್ಲ ಎಂದು ಯೋಚಿಸುತ್ತಾಳೆ. ಸದಸ್ಯ ಸಂಖ್ಯೆ 47ರವರು ಮೂರು ದಿನದಲ್ಲಿ 6.5, 7.0, 6.0 ಲೀಟರ್ ಹಾಕಿದ್ದಾರೆ. ಸದಸ್ಯರ ಶೀಟಿನಲ್ಲಿ ಅವರ ಎದುರಿಗೆ ಆಕೆ ಹೀಗೆ ಬರೆಯುತ್ತಾಳೆ:

```
=VLOOKUP(A48,Milk!$B$2:$C$900,2,FALSE)
```

ಉತ್ತರ 6.5 ಎಂದು ಬರುತ್ತದೆ. ಕೆಂಪು ಗುರುತಿಲ್ಲ, ದೋಷದ ಸಂದೇಶವಿಲ್ಲ, ನೋಡಲು ನಂಬುವಂತಹ ಸಂಖ್ಯೆ. ಆದರೆ ಅದು ಮೊದಲ ದಿನದ ಹಾಲು ಮಾತ್ರ. VLOOKUP ಮೇಲಿನಿಂದ ಕೆಳಗೆ ಹುಡುಕುತ್ತಾ ಹೋಗಿ ಮೊದಲು ಸಿಕ್ಕ 47ರಲ್ಲೇ ನಿಂತುಬಿಡುತ್ತದೆ. ಕೆಳಗೆ ಇನ್ನೆರಡು 47 ಇವೆ ಎಂಬುದು ಅದಕ್ಕೆ ಬೇಕಿಲ್ಲ. ಕೂಡಿಸುವ ಕೆಲಸಕ್ಕೆ ಬೇಕಾದ ಸೂತ್ರವೇ ಬೇರೆ:

```
=SUMIF(Milk!$B$2:$B$900,A48,Milk!$C$2:$C$900)
```

ಇದು 19.5 ಎನ್ನುತ್ತದೆ. ಹದಿಮೂರು ಲೀಟರ್ ಹಾಲಿನ ದುಡ್ಡು ಒಬ್ಬ ರೈತನ ಖಾತೆಗೆ ಬಾರದೆ ಹೋಗುವುದಕ್ಕೂ ಬರುವುದಕ್ಕೂ ಇರುವ ಅಂತರ ಇದು. “ಒಬ್ಬರ ಹೆಸರು ಹಲವು ಸಾಲುಗಳಲ್ಲಿದ್ದರೆ ಈ ಪಾಠ ಮೊದಲ ಸಾಲನ್ನು ಮಾತ್ರ ತರುತ್ತದೆ, ಒಟ್ಟು ಬೇಕಿದ್ದರೆ SUMIF ಪಾಠ ನೋಡಿ” ಎಂದು ಚೀಟಿಯಲ್ಲಿ ಒಂದು ಸಾಲಿದ್ದರೆ ಆಕೆ ಆ ದಾರಿಗೆ ಇಳಿಯುತ್ತಲೇ ಇರಲಿಲ್ಲ.

ಸೂತ್ರದ ಕೊನೆಯ `FALSE` ಬಗ್ಗೆಯೂ ಇಲ್ಲೇ ಹೇಳಬೇಕು. ಅದನ್ನು ಬಿಟ್ಟರೂ VLOOKUP ಕೆಲಸ ಮಾಡುತ್ತದೆ, ಆದರೆ ಹತ್ತಿರದ ಉತ್ತರ ಸಾಕು ಎಂಬ ಅರ್ಥದಲ್ಲಿ. ಸದಸ್ಯರ ಪಟ್ಟಿ ಸಂಖ್ಯೆಯ ಏರಿಕೆ ಕ್ರಮದಲ್ಲಿದ್ದು, 47ರವರು ಸದಸ್ಯತ್ವ ಬಿಟ್ಟಿದ್ದರಿಂದ ಅವರ ಸಾಲನ್ನು ಅಳಿಸಲಾಗಿದೆ ಎಂದುಕೊಳ್ಳಿ. ಯಂತ್ರದಲ್ಲಿ ತಪ್ಪಿ 47 ಒತ್ತಿದ ಒಂದು ನಮೂದು ಬಂತು. `FALSE` ಇದ್ದರೆ `#N/A` ಬರುತ್ತದೆ, ಯಾರೋ ವಿಚಾರಿಸುತ್ತಾರೆ. ಇಲ್ಲದಿದ್ದರೆ 46ನೆಯವರ ಹೆಸರು ಬಂದು ಕೂರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ತೆರಿಗೆಯ ಹಂತ, ಪರೀಕ್ಷೆಯ ದರ್ಜೆ ಮುಂತಾದವನ್ನು ಕಂಡುಹಿಡಿಯಲು ಆ ಹತ್ತಿರದ ಹುಡುಕಾಟವೇ ಬೇಕು, ಹೆಸರು ತರಲು ಅದು ಸಲ್ಲದು. ಎರಡೂ VLOOKUP ಪಾಠಗಳೇ, ಎರಡರ ಕೆಲಸ ಬೇರೆ. ಸಾಧನದ ಹೆಸರನ್ನಷ್ಟೇ ಹೊತ್ತ ತಲೆಬರಹ ಇವನ್ನು ಬೇರ್ಪಡಿಸಿ ಹೇಳಲಾರದು.

ಎಷ್ಟು ಗೊತ್ತಿದ್ದವರಿಗೆ?

ಮೂರನೆಯ ಸಾಲು ಮಟ್ಟದ್ದು. ಆರಂಭಿಕ, ಮಧ್ಯಮ, ಉನ್ನತ ಎಂಬ ಮೂರು ಪದಗಳಲ್ಲಿ ಒಂದನ್ನು ಅಂಟಿಸಿ ಕೈತೊಳೆದುಕೊಳ್ಳುವುದು ರೂಢಿ. ತೊಂದರೆ ಏನೆಂದರೆ, ಹತ್ತು ವರ್ಷದಿಂದ ದಿನವೂ ಎಕ್ಸೆಲ್‌ನಲ್ಲಿ ಪಟ್ಟಿ ಮಾಡುತ್ತಿರುವ ಗುಮಾಸ್ತರು ತಮ್ಮನ್ನು ಆರಂಭಿಕ ಎಂದುಕೊಳ್ಳುವುದಿಲ್ಲ, ಆದರೆ ಅವರು ಒಂದು ಸೂತ್ರವನ್ನೂ ಬರೆದಿರದೇ ಇರಬಹುದು. ಮೊನ್ನೆ ಕಾಲೇಜು ಮುಗಿಸಿದ ಹುಡುಗ ಸಂಕೋಚದಿಂದ ತಾನು ಆರಂಭಿಕ ಎನ್ನುತ್ತಾನೆ, ಅವನಿಗೆ ಸೂತ್ರಗಳು ನೀರು ಕುಡಿದಷ್ಟು ಸಲೀಸು. ಪದ ಒಂದೇ, ಅದನ್ನು ಓದಿಕೊಳ್ಳುವವರು ತಮ್ಮ ತಮ್ಮ ಮನಸ್ಸಿಗೆ ಬಂದಂತೆ ಓದಿಕೊಳ್ಳುತ್ತಾರೆ.

ಪದದ ಬದಲು, ಪಾಠಕ್ಕೆ ಮುಂಚೆ ಏನು ಮಾಡಲು ಬರಬೇಕು ಎಂದು ಬರೆಯುವುದು ಸರಿ. ನಮ್ಮ ಡೇರಿ ಪಾಠಕ್ಕೆ ಅಂಥ ವಿಷಯ ಎರಡೇ ಎರಡು.

ಒಂದು, ಸೂತ್ರದಲ್ಲಿ `$` ಏಕೆ ಬರುತ್ತದೆ ಎಂಬುದು ಗೊತ್ತಿರಬೇಕು. `Members!A2:C180` ಎಂದು `$` ಇಲ್ಲದೆ ಬರೆದು ಸೂತ್ರವನ್ನು ಕೆಳಗೆ ಎಳೆದರೆ, ಮುಂದಿನ ಸಾಲಿನಲ್ಲಿ ಅದು `A3:C181` ಆಗುತ್ತದೆ, ಅದರ ಮುಂದೆ `A4:C182`. ಹುಡುಕುವ ಜಾಗವೇ ಕೆಳಗೆ ಜಾರುತ್ತಾ ಹೋಗಿ, ಪಟ್ಟಿಯ ಮೇಲಿರುವ ಸದಸ್ಯರು ಒಬ್ಬೊಬ್ಬರಾಗಿ ಅದರಿಂದ ಹೊರಬೀಳುತ್ತಾರೆ. ಮೊದಮೊದಲ ಸಾಲುಗಳು ಸರಿ ಬಂದು ಕೆಳಗೆ ಹೋದಂತೆ ಕೆಲವಕ್ಕೆ ಮಾತ್ರ `#N/A` ಬಂದರೆ, ಅದೂ ಹೆಚ್ಚಾಗಿ ಸಣ್ಣ ಸಂಖ್ಯೆಯ ಸದಸ್ಯರಿಗೇ ಬಂದರೆ, ಕಾರಣ ಬಹುಮಟ್ಟಿಗೆ ಇದೇ.

ಎರಡು, ಸಂಖ್ಯೆಯಂತೆ ಕಾಣುವುದೆಲ್ಲ ಸಂಖ್ಯೆಯಲ್ಲ ಎಂಬುದು ಗೊತ್ತಿರಬೇಕು. ಯಂತ್ರದಿಂದ ಇಳಿದ ಪಟ್ಟಿಯಲ್ಲಿ ಸದಸ್ಯ ಸಂಖ್ಯೆ 047 ಎಂದು ಪಠ್ಯವಾಗಿ ಬಂದಿರುತ್ತದೆ, ಸದಸ್ಯರ ಶೀಟಿನಲ್ಲಿ 47 ಎಂದು ಅಂಕಿಯಾಗಿ ಇರುತ್ತದೆ. ನಮ್ಮ ಕಣ್ಣಿಗೆ ಒಬ್ಬರೇ ವ್ಯಕ್ತಿ, ಎಕ್ಸೆಲ್‌ಗೆ ಎರಡು ಬೇರೆ ವಸ್ತು. ಎಲ್ಲ ಸಾಲಿಗೂ ಒಂದೇ ಸಮ `#N/A` ಬಂದರೆ ಮೊದಲು ನೋಡಬೇಕಾದದ್ದು ಇದನ್ನು. ಪಠ್ಯ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ, ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನವೂ ಸಾಮಾನ್ಯವಾಗಿ ಇರುತ್ತದೆ. ಅಂಕಿ ಬಲಕ್ಕೆ ನಿಂತಿರುತ್ತದೆ. `B2` ಎಂದಿರುವಲ್ಲಿ `VALUE(B2)` ಎಂದು ಬರೆದರೆ 047 ಎಂಬ ಪಠ್ಯ 47 ಎಂಬ ಅಂಕಿಯಾಗುತ್ತದೆ.

ಇಲ್ಲಿ ಓದುಗರಿಗೆ ಒಂದು ವಿಷಯ ಹೊಳೆದಿರಬಹುದು. `#NAME?` ಬಂದರೆ ವರ್ಷನ್‌ನ ಕಡೆ ನೋಡಬೇಕು, ಏಕೆಂದರೆ ಸೂತ್ರದ ಹೆಸರೇ ಎಕ್ಸೆಲ್‌ಗೆ ತಿಳಿದಿಲ್ಲ. ಹೆಸರಿನ ಕಾಗುಣಿತ ತಪ್ಪಿದ್ದರೂ ಇದೇ ಬರುತ್ತದೆ. `#N/A` ಬಂದರೆ ಸೂತ್ರ ಗೊತ್ತಿದೆ, ಹುಡುಕಿದ್ದು ಸಿಗಲಿಲ್ಲ ಎಂದರ್ಥ. ಮೊದಲನೆಯದಕ್ಕೆ ಬೇರೆ ಪಾಠ ಹುಡುಕಬೇಕು, ಎರಡನೆಯದಕ್ಕೆ ಇದೇ ಪಾಠದಲ್ಲಿ ಉಳಿದು ದತ್ತಾಂಶ ನೋಡಬೇಕು. ಈ ಎರಡು ಗುರುತುಗಳ ಅರ್ಥವನ್ನು ಚೀಟಿಯ ಕೆಳಗೆ ಬರೆದಿಟ್ಟರೆ, ತಪ್ಪಿ ಬಂದವರಿಗೂ ಯಾವ ಕಡೆ ತಿರುಗಬೇಕು ಎಂದು ತಿಳಿಯುತ್ತದೆ.

ಕನ್ನಡದಲ್ಲಿ ಪಾಠ ಮಾಡುವವರು ಇದರ ಜೊತೆಗೆ ಇನ್ನೊಂದು ಷರತ್ತು ಹೇಳಲೇಬೇಕು. ನಮ್ಮ ಕಚೇರಿಗಳಲ್ಲಿ ಹಳೆಯ ಪಟ್ಟಿಗಳು ನುಡಿಯ ಹಳೆಯ ಫಾಂಟಿನಲ್ಲಿವೆ, ಹೊಸವು ಯೂನಿಕೋಡ್‌ನಲ್ಲಿವೆ. ಸಂಖ್ಯೆಯ ಬದಲು ಹೆಸರನ್ನೇ ಹಿಡಿದು ಹುಡುಕಲು ಹೋದರೆ, ಪರದೆಯ ಮೇಲೆ ತದ್ರೂಪು ಕಾಣುವ ಎರಡು “ಲಕ್ಷ್ಮಮ್ಮ”ಗಳು ಎಂದೂ ಹೊಂದುವುದಿಲ್ಲ. ಏಕೆಂದರೆ ಹಳೆಯ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ, ಅದರ ಮೇಲೆ ಕನ್ನಡದ ಚಿತ್ರ ಬಂದಿರುತ್ತದೆ ಅಷ್ಟೇ. ಪತ್ತೆ ಮಾಡುವುದು ಸುಲಭ: ಆ ಸೆಲ್‌ನ ಫಾಂಟನ್ನು ಕ್ಯಾಲಿಬ್ರಿಗೆ ಬದಲಿಸಿ ನೋಡಿ. ಯೂನಿಕೋಡ್ ಆಗಿದ್ದರೆ ಕನ್ನಡವಾಗಿಯೇ ಉಳಿಯುತ್ತದೆ, ಹಳೆಯದಾಗಿದ್ದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ವರ್ಷನ್ ಸರಿ, ಕೆಲಸ ಸರಿ, ಮಟ್ಟ ಸರಿ, ಆದರೂ ಉತ್ತರ ಬಾರದೆ ನಮ್ಮ ಜನ ಸೋಲುವ ಜಾಗ ಇದು. ಬೇರೆ ಭಾಷೆಯ ಪಾಠಗಳಿಂದ ಇಳಿಸಿಕೊಂಡ ಚೀಟಿಯಲ್ಲಿ ಈ ಮಾತು ಇರುವುದಿಲ್ಲ.

ಚೀಟಿ ಬರೆದಾಗ

ಇಷ್ಟನ್ನೂ ಒಟ್ಟಿಗೆ ತಂದರೆ ಡೇರಿಯ ಹುಡುಗಿಗೆ ಹೊಂದುವ ಪಾಠದ ತಲೆಯ ಮೇಲೆ ಹೀಗೆ ಬರೆಯಬಹುದು:

*ಕೆಲಸ: ಒಂದು ಶೀಟಿನಲ್ಲಿರುವ ಸದಸ್ಯ ಸಂಖ್ಯೆಗೆ ಇನ್ನೊಂದು ಶೀಟಿನಿಂದ ಹೆಸರು ತರುವುದು. ಲೀಟರ್ ಕೂಡಿಸುವುದಕ್ಕೆ ಇದು ಅಲ್ಲ, ಅದಕ್ಕೆ SUMIF ಪಾಠ ನೋಡಿ.*

*ತಂತ್ರಾಂಶ: VLOOKUP ಬಳಸಿದೆ, ಎಕ್ಸೆಲ್ 2016 ಮತ್ತು 2021ರಲ್ಲಿ ಮಾಡಿ ನೋಡಿದ್ದೇವೆ. ಚಿತ್ರಗಳು 2016ರವು. ಕ್ಯಾಲ್ಕ್‌ನಲ್ಲಿ ಶೀಟಿನ ಹೆಸರಿನ ಮುಂದೆ `!` ಬದಲು ಚುಕ್ಕಿ ಬರುತ್ತದೆ.*

*ಮೊದಲೇ ಬರಬೇಕಾದದ್ದು: ಸೂತ್ರ ಬರೆದು ಕೆಳಗೆ ಎಳೆಯುವುದು, `$` ಬಳಕೆ, ಪಠ್ಯ ಮತ್ತು ಅಂಕಿಯ ವ್ಯತ್ಯಾಸ.*

*ದತ್ತಾಂಶ: ಪ್ರತಿ ಸದಸ್ಯರಿಗೆ ಒಂದೇ ಸಂಖ್ಯೆ. ಹೆಸರಿನಿಂದ ಹುಡುಕುವುದಾದರೆ ಎರಡೂ ಶೀಟು ಯೂನಿಕೋಡ್‌ನಲ್ಲಿರಬೇಕು.*

*ಕೊನೆಯ ಸಲ ಪರೀಕ್ಷಿಸಿದ ತಾರೀಖು.*

ಎರಡನೆಯ ಸಾಲಿನಲ್ಲಿ “ಮಾಡಿ ನೋಡಿದ್ದೇವೆ” ಎಂಬುದನ್ನು ಗಮನಿಸಿ. VLOOKUP ಅದಕ್ಕೂ ಹಳೆಯ ಎಕ್ಸೆಲ್‌ಗಳಲ್ಲೂ ಇದೆ, ಅಲ್ಲೂ ನಡೆಯಬಹುದು. ಆದರೆ ನಡೆಯಬಹುದು ಎಂಬುದಕ್ಕೂ ನಡೆಸಿ ನೋಡಿದ್ದೇವೆ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಕಲಿಯುವವರಿಂದ ಮುಚ್ಚಿಡಬಾರದು. “ಎಲ್ಲ ವರ್ಷನ್‌ಗೂ ಹೊಂದುತ್ತದೆ” ಎಂದು ಬರೆಯುವವರು ಸಾಮಾನ್ಯವಾಗಿ ಒಂದೇ ಒಂದರಲ್ಲಿ ಮಾಡಿ ನೋಡಿರುತ್ತಾರೆ. ನೋಡುಗರು ಕಡಿಮೆಯಾದಾರು ಎಂಬ ಭಯದಿಂದ ಹಾಗೆ ಬರೆಯುತ್ತಾರೆ ಎಂಬುದು ನನಗೆ ಅರ್ಥವಾಗುತ್ತದೆ, ಆದರೆ ಆ ವಾಕ್ಯವನ್ನು ನಂಬಿ ಬಂದವರ ಸಂಜೆ ಹಾಳಾಗುತ್ತದೆ.

ಈ ಚೀಟಿ ಮನುಷ್ಯರು ಓದಲು. ಹುಡುಕುವ ಯಂತ್ರಗಳು ಓದಲು ಇದನ್ನೇ ಇನ್ನೊಂದು ರೂಪದಲ್ಲಿ ಬರೆಯುವ ಪದ್ಧತಿಯೂ ಇದೆ. ಕಲಿಕೆಯ ಸಾಮಗ್ರಿಗೆ ಹೀಗೆ ವಿವರ ಅಂಟಿಸುವ ಐಇಇಇ ಮಾನಕವೊಂದು 2002ರಲ್ಲೇ ಬಂತು. ಬೇಕಾದ ತಂತ್ರಾಂಶದ ಕನಿಷ್ಠ ವರ್ಷನ್, ಗರಿಷ್ಠ ವರ್ಷನ್ ಎಂಬ ಎರಡು ಮನೆಗಳು ಅದರಲ್ಲಿವೆ. 2011ರಲ್ಲಿ ಎಲ್‌ಆರ್‌ಎಂಐ ಎಂಬ ಪ್ರಯತ್ನ ಶುರುವಾಗಿ, ಅದರ ಪದಗಳು 2013ರಲ್ಲಿ `schema.org` ಎಂಬ ಸಾಮಾನ್ಯ ಪದಕೋಶಕ್ಕೆ ಸೇರಿದವು. ನಮ್ಮ ಪಾಠ ಆ ರೂಪದಲ್ಲಿ ಹೀಗಿರುತ್ತದೆ:

```
{
  "@context": "https://schema.org",
  "@type": ["TechArticle", "LearningResource"],
  "name": "ಸದಸ್ಯ ಸಂಖ್ಯೆಗೆ ಹೆಸರು ತರುವುದು",
  "inLanguage": "kn",
  "dependencies": "Excel 2016, Excel 2021",
  "teaches": "VLOOKUP, ನಿಖರ ಹುಡುಕಾಟ",
  "competencyRequired": "$ ಬಳಕೆ; ಪಠ್ಯ ಮತ್ತು ಅಂಕಿಯ ವ್ಯತ್ಯಾಸ"
}
```

`schema.org`ನಲ್ಲಿ ಮಟ್ಟ ಹೇಳಲು `proficiencyLevel` ಎಂಬ ಮನೆಯೂ ಇದೆ. ಅದರ ವಿವರಣೆಯಲ್ಲಿ ಕೊಟ್ಟಿರುವ ಬೆಲೆಗಳು ಎರಡೇ: `Beginner` ಮತ್ತು `Expert`. ಡೇರಿಯ ಹುಡುಗಿ ಇವೆರಡರ ನಡುವೆ ಎಲ್ಲೋ ಇದ್ದಾಳೆ, ಮತ್ತು ಎಲ್ಲಿದ್ದಾಳೆ ಎಂಬುದೇ ಇಲ್ಲಿ ಮುಖ್ಯ. ಆದ್ದರಿಂದ ನಾನು ಅದನ್ನು ಬಿಟ್ಟು, ಬರಬೇಕಾದ ಕೌಶಲವನ್ನು ಹೆಸರು ಹಿಡಿದು ಬರೆಯಲು ಬಿಡುವ `competencyRequired` ಅನ್ನು ಆಯ್ದುಕೊಂಡಿದ್ದೇನೆ.

ಯಂತ್ರ ಓದುವ ಚೀಟಿಯೊಂದೇ ಇದ್ದು ಮನುಷ್ಯರು ಓದುವುದು ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. ವೀಡಿಯೊ ಪಾಠವಾದರೆ ವಿವರಣೆಯ ಮೊದಲ ಎರಡು ಸಾಲಿನಲ್ಲೇ ಕೆಲಸ ಮತ್ತು ವರ್ಷನ್ ಬರಬೇಕು, ಏಕೆಂದರೆ ಫೋನಿನಲ್ಲಿ ಅದಕ್ಕಿಂತ ಕೆಳಗಿನದು ಮಡಿಚಿಕೊಂಡಿರುತ್ತದೆ. ಶುರುವಿನಲ್ಲಿ ಬಾಯಲ್ಲೂ ಹೇಳಬೇಕು. ವೀಡಿಯೊ ಒಬ್ಬರಿಂದ ಒಬ್ಬರಿಗೆ ವಾಟ್ಸಾಪ್‌ನಲ್ಲಿ ದಾಟುವಾಗ ವಿವರಣೆ ಹಿಂದೆಯೇ ಉಳಿಯುತ್ತದೆ, ಮಾತು ಮಾತ್ರ ಜೊತೆಗೆ ಹೋಗುತ್ತದೆ. ಮಾದರಿ ಕಡತದ ಹೆಸರಿನಲ್ಲೂ `hesaru-vlookup-excel2016.xlsx` ಎಂಬಂತೆ ಎರಡನ್ನೂ ಸೇರಿಸಿದರೆ, ಪಾಠದಿಂದ ಬೇರ್ಪಟ್ಟ ಕಡತವೂ ತಾನು ಯಾರಿಗೆ ಎಂದು ಹೇಳಿಕೊಳ್ಳುತ್ತದೆ.

ಹೊಸ ಎಕ್ಸೆಲ್ ಬಂದಾಗ ಪಾಠ ಮಾಡಿದವರು ಮಾದರಿ ಕಡತವನ್ನು ಅದರಲ್ಲಿ ತೆರೆದು, ಒಂದು ಸದಸ್ಯ ಸಂಖ್ಯೆಯನ್ನು ಬದಲಿಸಿ, ಹೆಸರು ಬದಲಾಗುತ್ತದೆಯೇ ಎಂದು ನೋಡಬೇಕು. ತೆರೆದು ಮುಚ್ಚಿದರೆ ಸಾಲದು, ಕಾರಣ ಮೇಲೆ ಹೇಳಿದ್ದೇನೆ. ಬದಲಾದರೆ ಆ ವರ್ಷನ್‌ನ ಹೆಸರನ್ನೂ ತಾರೀಖನ್ನೂ ಚೀಟಿಗೆ ಸೇರಿಸಲಿ. ನೋಡಲು ಸಮಯವಾಗದಿದ್ದರೆ ಹಳೆಯ ತಾರೀಖು ಹಾಗೆಯೇ ಇರಲಿ, ಅದನ್ನು ಮುಂದೂಡಬಾರದು. ಹಳೆಯ VLOOKUP ಪಾಠವನ್ನು ಅಳಿಸಿ XLOOKUP ಪಾಠ ಹಾಕುವ ಆಸೆಯೂ ಬರುತ್ತದೆ. ಎಕ್ಸೆಲ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೆ ಬೆಂಬಲ ಮುಗಿದ ಮಾತ್ರಕ್ಕೆ ಸಂಘದ ಮೇಜಿನ ಮೇಲಿನ ಕಂಪ್ಯೂಟರ್ ಬದಲಾಗಿಲ್ಲ. ಎರಡೂ ಪಾಠ ಇರಲಿ, ಒಂದರ ಚೀಟಿಯಲ್ಲಿ ಇನ್ನೊಂದರ ಹೆಸರಿರಲಿ, ನಡುವೆ ಆ `=XL` ಪರೀಕ್ಷೆ ಇರಲಿ.